ಬಾವು ಮೈತುಂಬುವಿಕೆಯಲ್ಲ: ರಕ್ತದ ನೀರನ್ನು ಹಿಡಿದಿಡುವ ಅಲ್ಬುಮಿನ್

ಕೆಲವು ವರ್ಷಗಳ ಹಿಂದಿನ ಮಾತು. ರಾವೂರಿನಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗನನ್ನು ಕರೆತಂದಿದ್ದರು. ಹುಡುಗನಿಗೆ ಕೆಮ್ಮಿದೆ ಎಂಬುದಷ್ಟೇ ಅವರ ದೂರು. "ಮೊದ್ಲ ಭಾಳ ಸಣಕಲ ಇದ್ದಾರಿ ಸಾಹೇಬ್ರ, ಈಗ ಹದಿನೈದು ದಿನದಾಗ ಮೈ ತುಂಬ್ಯಾನ ನೋಡ್ರಿ" ಎಂದು ಅವರು ಸಂತೋಷದಿಂದಲೇ ಹೇಳಿದರು. ಆದರೆ ಹುಡುಗನ ಕಣ್ಣಿನ ರೆಪ್ಪೆಗಳು ಉಬ್ಬಿದ್ದವು. ವಿಚಾರಿಸಿದಾಗ, ಬೆಳಿಗ್ಗೆ ಕಣ್ಣು ತೆರೆಯಲೂ ಕಷ್ಟವಾಗುತ್ತದೆ, ಸಂಜೆಯ ಹೊತ್ತಿಗೆ ಮುಖ ಇಳಿದು ಪಾದಗಳು ಬಾಯುತ್ತವೆ ಎಂದು ತಿಳಿಯಿತು. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳನ್ನೊತ್ತಿ ಹತ್ತು ಎಣಿಸಿ ತೆಗೆದೆ. ಕುಳಿ ಹಾಗೆಯೇ ಉಳಿಯಿತು. ಮೂರು ವಾರಗಳ ಹಿಂದೆ 18 ಕಿಲೋ ಇದ್ದ ತೂಕ ಅಂದು 21 ಕಿಲೋ ಆಗಿತ್ತು. ಮೂರು ವಾರದಲ್ಲಿ ಮಗು ಮೂರು ಕಿಲೋ ಮಾಂಸ ಬೆಳೆಸಿಕೊಳ್ಳುವುದಿಲ್ಲ. ಅದು ಸುಮಾರು ಮೂರು ಲೀಟರ್ ನೀರು. ರಕ್ತನಾಳದ ಒಳಗಿರದೆ ಹೊರಗೆ ಉಳಿದ ನೀರು.

ಒತ್ತಿದರೆ ಬೇಗನೆ ಮೇಲೇಳುವ ಬಾವು ಬೇರೆ, ಕುಳಿ ಉಳಿಯುವ ಬಾವು ಬೇರೆ ಎಂಬ ವಿವೇಚನೆ ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೇ ಇದೆ. ಆದರೆ ಆ ನೀರು ಯಾವ ಕಾರಣದಿಂದ ಹೊರಗೆ ನಿಂತಿತು ಎಂಬುದನ್ನು ಹೆಬ್ಬೆರಳು ಹೇಳಲಾರದು. ಅದಕ್ಕೆ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಅರಿಯಬೇಕು.

ನಮ್ಮ ಅತಿಸೂಕ್ಷ್ಮ ರಕ್ತನಾಳಗಳಾದ ಲೋಮನಾಳಗಳ ಗೋಡೆ ತೆಳುವಾದ ಸೋಸುಬಟ್ಟೆಯಂತಿದೆ. ಹೃದಯದ ಒತ್ತಡವು ನೀರನ್ನು ಅದರ ಮೂಲಕ ಸದಾ ಹೊರಗೆ ತಳ್ಳುತ್ತಿರುತ್ತದೆ. ಹಾಗಾದರೆ ರಕ್ತದ ನೀರೆಲ್ಲ ಸೋರಿಹೋಗದೆ ಏಕೆ ಉಳಿದಿದೆ? ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಉಪ್ಪು ನೀರನ್ನು ತನ್ನೆಡೆಗೆ ಎಳೆಯುವುದನ್ನು ಮನೆಮನೆಯಲ್ಲೂ ಕಂಡಿದ್ದೇವೆ. ರಕ್ತದಲ್ಲಿಯೂ ಉಪ್ಪಿದೆ, ಆದರೆ ಅದು ನಾಳದ ಗೋಡೆಯನ್ನು ಸುಲಭವಾಗಿ ದಾಟುವುದರಿಂದ ಒಳಗೂ ಹೊರಗೂ ಸಮನಾಗಿರುತ್ತದೆ. ದಾಟಲಾರದೆ ಒಳಗೇ ಉಳಿಯುವುದು ಪ್ರೋಟೀನು. ಆದ್ದರಿಂದ ನೀರನ್ನು ಒಳಗೆ ಹಿಡಿದಿಡುವ ಕೆಲಸ ಅದರ ಪಾಲಿಗೆ ಬಂದಿದೆ. 1896ರಲ್ಲಿ ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ಇದನ್ನು ಪ್ರಯೋಗದಿಂದ ತೋರಿಸಿದರು. ಅಂಗಾಂಶದಲ್ಲಿ ತುಂಬಿದ ಉಪ್ಪುನೀರನ್ನು ರಕ್ತವು ಹೀರಿಕೊಂಡಿತು. ಪ್ರೋಟೀನುಳ್ಳ ದ್ರವವನ್ನು ಹಾಗೆ ಹೀರಿಕೊಳ್ಳಲಿಲ್ಲ.

ಪ್ಲಾಸ್ಮಾದಲ್ಲಿ ಅಲ್ಬುಮಿನ್, ಗ್ಲಾಬ್ಯುಲಿನ್, ಫೈಬ್ರಿನೋಜನ್ ಮೊದಲಾದ ಪ್ರೋಟೀನುಗಳಿವೆ. ಅಲ್ಬುಮಿನ್ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚಷ್ಟೇ. ಆದರೂ ನೀರನ್ನೆಳೆಯುವ ಬಲದಲ್ಲಿ ಮುಕ್ಕಾಲು ಪಾಲು ಅದರದೇ. ಈ ಎಳೆತವು ಕಣಗಳ ಗಾತ್ರಕ್ಕಿಂತ ಅವುಗಳ ಎಣಿಕೆಯನ್ನು ಅವಲಂಬಿಸಿದೆ. ಅಲ್ಬುಮಿನ್ ಕಣ ಚಿಕ್ಕದು, ಆದ್ದರಿಂದ ಅಷ್ಟೇ ತೂಕದಲ್ಲಿ ಅದರ ಕಣಗಳು ಹೆಚ್ಚು. ಆರೋಗ್ಯವಂತರಲ್ಲಿ 100 ಮಿ.ಲೀ. ರಕ್ತಸಾರದಲ್ಲಿ ಅದು 3.5ರಿಂದ 5 ಗ್ರಾಂ ಇರುತ್ತದೆ. ಇಷ್ಟಿದ್ದರೂ ತುಸು ನೀರು ಹೊರಬರುವುದು ಸಹಜ. ಅದನ್ನು ದುಗ್ಧನಾಳಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಅವುಗಳ ಶಕ್ತಿಯನ್ನು ಮೀರಿ ನೀರು ಬಂದಾಗ ಬಾವು ಕಾಣಿಸಿಕೊಳ್ಳುತ್ತದೆ.

ಅಲ್ಬುಮಿನ್ ಕಡಿಮೆಯಾಗಲು ಮುಖ್ಯವಾಗಿ ಮೂರು ದಾರಿಗಳಿವೆ. ಅದನ್ನು ತಯಾರಿಸುವ ಯಕೃತ್ತು ಸೊರಗಿರಬಹುದು. ಆಗ ಸಾಮಾನ್ಯವಾಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಮೂತ್ರಪಿಂಡದ ಜರಡಿ ಸಡಿಲಗೊಂಡು ಅದು ಮೂತ್ರದಲ್ಲಿ ಸೋರುತ್ತಿರಬಹುದು. ಆಗ ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಕಂಡು, ಮೂತ್ರ ನೊರೆನೊರೆಯಾಗುತ್ತದೆ. ದೀರ್ಘಕಾಲದ ಅಪೌಷ್ಟಿಕತೆ, ಕರುಳಿನ ರೋಗ, ತೀವ್ರ ಸೋಂಕುಗಳಿಂದಲೂ ಅದು ಇಳಿಯಬಹುದು. ಪ್ರಾಯದವರ ಯಕೃತ್ತು ದಿನಕ್ಕೆ 10ರಿಂದ 15 ಗ್ರಾಂ ಅಲ್ಬುಮಿನ್ ತಯಾರಿಸುತ್ತದೆ. ತಯಾರಾದುದರಲ್ಲಿ ಅರ್ಧದಷ್ಟು ಸುಮಾರು ಇಪ್ಪತ್ತು ದಿನ ಉಳಿದಿರುತ್ತದೆ. ಆದ್ದರಿಂದ ನಾಲ್ಕು ದಿನ ಊಟ ಕೆಟ್ಟರೆ ಬಾವು ಬರುವುದಿಲ್ಲ.

ಹುಡುಗನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ತೆಗೆದುಕೊಂಡು ಮೇಲ್ಭಾಗವನ್ನು ಕಾಯಿಸಿದೆ. ಮೊಟ್ಟೆಯ ಬಿಳಿಯಂತೆ ಬೆಳ್ಳಗೆ ಗಟ್ಟಿಯಾಯಿತು. ಕೆಲವು ಹನಿ ಅಸಿಟಿಕ್ ಆಮ್ಲ ಹಾಕಿದರೂ ಕರಗಲಿಲ್ಲ. ಕರಗಿದ್ದರೆ ಅದು ಫಾಸ್ಫೇಟ್ ಲವಣ, ಉಳಿದರೆ ಪ್ರೋಟೀನು. ಅಂದೇ ಕಲಬುರಗಿಯ ಮಕ್ಕಳ ತಜ್ಞರ ಬಳಿಗೆ ಕಳುಹಿಸಿದೆ. ಅಲ್ಲಿನ ಪರೀಕ್ಷೆಯಲ್ಲಿ ಅಲ್ಬುಮಿನ್ 1.6 ಗ್ರಾಂ, ಕೊಲೆಸ್ಟರಾಲ್ ಬಹಳ ಹೆಚ್ಚು ಎಂದು ಕಂಡಿತು. ಇದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಎಂದು ಹೆಸರು.

ನಾನು ಇಷ್ಟು ತ್ವರೆಮಾಡಿದ್ದಕ್ಕೆ ನನ್ನದೇ ಹಳೆಯ ತಪ್ಪೊಂದು ಕಾರಣ. ವೃತ್ತಿಯ ಆರಂಭದ ವರ್ಷಗಳಲ್ಲಿ ಇಂಥದೇ ಮಗುವಿಗೆ ಪಾಂಡುರೋಗದ ಬಾವೆಂದು ತಿಳಿದು, ಮೂತ್ರಪರೀಕ್ಷೆ ಮಾಡಿಸದೆ, ಎರಡು ವಾರ ಪುನರ್ನವಾ ಕಷಾಯ ಕೊಟ್ಟಿದ್ದೆ. ಬಾವು ತುಸು ಇಳಿದಂತೆ ಕಂಡಿತು. ಬಳಿಕ ಜ್ವರ ಮತ್ತು ಹೊಟ್ಟೆನೋವು ಬಂದು ಮಗು ಆಸ್ಪತ್ರೆ ಸೇರಬೇಕಾಯಿತು. ಸೋರುವುದು ಅಲ್ಬುಮಿನ್ ಮಾತ್ರವಲ್ಲ, ಸೋಂಕನ್ನು ತಡೆಯುವ ಗ್ಲಾಬ್ಯುಲಿನ್ ಕೂಡ. ಆದ್ದರಿಂದ ಹೊಟ್ಟೆಯ ನೀರಿಗೇ ಸೋಂಕು ತಗಲಬಹುದು. ಆ ಮಗು ಉಳಿಯಿತು. ಪಾಠ ನನ್ನಲ್ಲಿ ಉಳಿಯಿತು.

ಅಜ್ಜಿ ಕೇಳಿದ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ: "ಹಂಗಾದ್ರ ತೊಗರಿಬ್ಯಾಳಿ, ಹಾಲು ಜಾಸ್ತಿ ಕೊಡ್ಲೇನ್ರಿ?" ವಯಸ್ಸಿಗೆ ತಕ್ಕಷ್ಟು ಬೇಳೆ, ಹಾಲು, ರೊಟ್ಟಿ ಸಾಕು. ತಳ ತೂತಾದ ಕೊಡಕ್ಕೆ ಹೆಚ್ಚು ನೀರು ಸುರಿದರೆ ಹೆಚ್ಚು ಸೋರುತ್ತದೆಯೇ ಹೊರತು ತುಂಬದು. ಕಡಿಮೆ ಮಾಡಬೇಕಾದುದು ಉಪ್ಪು. ಏಕೆಂದರೆ ಈ ರೋಗದಲ್ಲಿ ಮೂತ್ರಪಿಂಡವು ಉಪ್ಪನ್ನೂ ಅದರೊಡನೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಾವಿಗೆ ಅಲ್ಬುಮಿನ್ ಕೊರತೆಯೊಂದೇ ಕಾರಣವಲ್ಲ. ಹುಟ್ಟಿನಿಂದಲೇ ಅಲ್ಬುಮಿನ್ ಇಲ್ಲವೆಂಬಷ್ಟು ಕಡಿಮೆಯಿರುವ ಅತಿ ವಿರಳ ವ್ಯಕ್ತಿಗಳಲ್ಲಿ ಬಾವು ಅಲ್ಪವಾಗಿಯೇ ಇರುವುದು ಇದಕ್ಕೆ ಸಾಕ್ಷಿ. ಆದ್ದರಿಂದ ಬಾವು ಇರುವಷ್ಟು ದಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ಬೇಡ. ಶೋಥರೋಗಿಗೆ ಉಪ್ಪು ವರ್ಜ್ಯವೆಂದು ಆಯುರ್ವೇದವೂ ಹೇಳಿದೆ.

ತಜ್ಞರು ಪ್ರೆಡ್ನಿಸೋಲೋನ್ ಆರಂಭಿಸಿದರು: ಕಿಲೋ ತೂಕಕ್ಕೆ 2 ಮಿ.ಗ್ರಾಂ. ಬಾವಿಲ್ಲದಾಗಿನ 18 ಕಿಲೋ ತೂಕವನ್ನೇ ಲೆಕ್ಕಕ್ಕೆ ಹಿಡಿದು ದಿನಕ್ಕೆ 36 ಮಿ.ಗ್ರಾಂ.ನಂತೆ ಆರು ವಾರ, ಬಳಿಕ ದಿನ ಬಿಟ್ಟು ದಿನ 27 ಮಿ.ಗ್ರಾಂ.ನಂತೆ ಇನ್ನಾರು ವಾರ. ಹತ್ತನೆಯ ದಿನಕ್ಕೆ ಮೂತ್ರದ ಪ್ರೋಟೀನು ನಿಂತು, ಮೂರನೆಯ ವಾರಕ್ಕೆ ತೂಕ ಮತ್ತೆ 18 ಕಿಲೋಗೆ ಇಳಿಯಿತು. ಮಗು ಸೊರಗಿತೆಂದು ಅಜ್ಜಿ ಮಾತ್ರೆ ನಿಲ್ಲಿಸಲು ಹೊರಟಿದ್ದರು; ಅದು ಸೊರಗಿದ್ದಲ್ಲ, ನೀರು ಇಳಿದದ್ದು ಎಂದು ತಿಳಿಹೇಳಬೇಕಾಯಿತು. ಈ ಮಾತ್ರೆಯನ್ನು ತಾವಾಗಿ ಆರಂಭಿಸುವುದೂ ತಟ್ಟನೆ ನಿಲ್ಲಿಸುವುದೂ ಅಪಾಯಕರ.

ಈ ವಯಸ್ಸಿನ ಬಹುಪಾಲು ಮಕ್ಕಳು ಈ ಔಷಧಿಗೆ ಗುಣ ಕಾಣುತ್ತಾರೆ. ಆದರೆ ರೋಗ ಮರುಕಳಿಸುವುದು ಸಾಮಾನ್ಯ. ಅದಕ್ಕಾಗಿ ತಾಯಿಗೆ ಬೆಳಗಿನ ಮೂತ್ರವನ್ನು ಪರೀಕ್ಷಾಪಟ್ಟಿಯಿಂದ ನೋಡಿ ಪುಸ್ತಕದಲ್ಲಿ ಬರೆದಿಡಲು ಕಲಿಸಲಾಯಿತು. ಮೂರು ದಿನ ಸತತವಾಗಿ ಮೂರು ಪ್ಲಸ್ ಬಂದರೆ, ಬಾವಿಗೆ ಕಾಯದೆ ವೈದ್ಯರಲ್ಲಿಗೆ ಬರಬೇಕು. ಜ್ವರ, ಹೊಟ್ಟೆನೋವು, ಒಂದು ಕಾಲಿನ ಹಠಾತ್ ನೋವು, ಉಸಿರುಗಟ್ಟುವಿಕೆ ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು. ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. ನೀರಿಳಿಸುವ ಮಾತ್ರೆಯನ್ನು ತಾವಾಗಿ ತಂದು ಕೊಡಬಾರದು: ದೇಹವೆಲ್ಲ ಬಾತಿದ್ದರೂ ರಕ್ತನಾಳದೊಳಗೆ ನೀರು ಕಡಿಮೆಯಿರಬಹುದು. ಪಾದರಸವಿರುವ ಅಥವಾ ಘಟಕ ತಿಳಿಯದ ಪುಡಿ, ಭಸ್ಮಗಳೂ ಬೇಡ. ಪಾದರಸವೇ ಈ ಸೋರಿಕೆಯನ್ನು ಉಂಟುಮಾಡಬಲ್ಲದು.

ಬಾವೆಲ್ಲವೂ ಅಲ್ಬುಮಿನ್ ಕೊರತೆಯದಲ್ಲ. ನಮ್ಮ ಜಿಲ್ಲೆಯಲ್ಲಿ ಕಾಣುವ ಆನೆಕಾಲು ರೋಗದಲ್ಲಿ ದುಗ್ಧನಾಳ ಕೆಡುತ್ತದೆ. ಬಾವು ಹೆಚ್ಚಾಗಿ ಒಂದು ಕಾಲಿಗೆ ಬಂದು ಕ್ರಮೇಣ ಗಟ್ಟಿಯಾಗುತ್ತದೆ. ಹೃದಯ ಸೋತಾಗ ಕಾಲು ಬಾಯುವುದರ ಜೊತೆಗೆ, ಮಲಗಿದರೆ ಉಸಿರು ಕಟ್ಟುತ್ತದೆ. ಈ ಎರಡರಲ್ಲೂ ಅಲ್ಬುಮಿನ್ ಸರಿಯಾಗಿಯೇ ಇರಬಹುದು. ಆದ್ದರಿಂದ ಮುಖವೋ ಕಾಲೋ ಬಾತವರು ಮೊದಲು ಮಾಡಿಸಬೇಕಾದುದು ಬೆಳಗಿನ ಮೂತ್ರದ ಪ್ರೋಟೀನ್ ಪರೀಕ್ಷೆ, ಅದರೊಡನೆ ರಕ್ತದ ಅಲ್ಬುಮಿನ್ ಪರೀಕ್ಷೆ. ಅಲ್ಬುಮಿನ್ ಕಡಿಮೆ ಎಂದು ಚೀಟಿಯಲ್ಲಿ ಬರೆದಿದ್ದರೆ ಅಲ್ಲಿಗೇ ನಿಲ್ಲದೆ, ಅದು ಹೋಗುತ್ತಿರುವುದು ಎಲ್ಲಿಗೆ ಎಂದು ವೈದ್ಯರನ್ನು ಕೇಳಬೇಕು.