ಟೈಫಾಯಿಡ್ ಬಂದಾಗ ಬರೆಯುವ ರಜೆಯ ಪತ್ರ

ಟೈಫಾಯಿಡ್ ಜ್ವರಕ್ಕೆ ಔಷಧಿ ಶುರುವಾದ ನಾಲ್ಕೈದು ದಿನಕ್ಕೆ ಮೈ ತಣ್ಣಗಾಗುತ್ತದೆ. ತೊಡಕು ಹುಟ್ಟುವುದೂ ಅಲ್ಲೇ. ಜ್ವರ ಬಿಟ್ಟಿತಲ್ಲ ಎಂದು ನೌಕರ ಕೆಲಸಕ್ಕೆ ಹೊರಡುತ್ತಾನೆ, ಮ್ಯಾನೇಜರ್ ಕೂಡ ‘ಬಾ’ ಎನ್ನುತ್ತಾರೆ. ಆದರೆ ಮಾತ್ರೆ, ಇಂಜೆಕ್ಷನ್ನುಗಳ ಕೋರ್ಸು ಸಾಮಾನ್ಯವಾಗಿ ಒಂದರಿಂದ ಎರಡು ವಾರ ನಡೆಯಬೇಕು. ಅದು ಮುಗಿದ ಮೇಲೂ ಕೆಲವರಿಗೆ ಎರಡು ಮೂರು ವಾರಗಳಲ್ಲಿ ಜ್ವರ ಮರುಕಳಿಸುತ್ತದೆ.

ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು ಬರೆಯುವ ಪತ್ರ ಹೀಗಿರಬಹುದು:

‘ಮಾನ್ಯರೇ, ಜೂನ್ 3ರಿಂದ ನನಗೆ ಜ್ವರವಿದ್ದು, ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಟೈಫಾಯಿಡ್ ಎಂದು ದೃಢಪಟ್ಟಿದೆ. ವೈದ್ಯರ ಸಲಹೆಯಂತೆ ಜೂನ್ 8ರಿಂದ 28ರವರೆಗೆ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಕೆಲಸಕ್ಕೆ ಮರಳುವ ದಿನ ಫಿಟ್‌ನೆಸ್ ಸರ್ಟಿಫಿಕೇಟ್ ಒಪ್ಪಿಸುತ್ತೇನೆ. ಅಡುಗೆ ಕೆಲಸಕ್ಕೆ ಮಲಪರೀಕ್ಷೆಯ ವರದಿಯೂ ಬೇಕಿದ್ದರೆ ದಯವಿಟ್ಟು ಈಗಲೇ ತಿಳಿಸಬೇಕು.’

ಇಲ್ಲಿ ಎರಡು ಪ್ರಮಾಣಪತ್ರಗಳಿವೆ. ಮೊದಲನೆಯದು ಕಾಯಿಲೆ ಏನು, ಎಷ್ಟು ದಿನ ವಿಶ್ರಾಂತಿ ಎಂದು ಹೇಳುತ್ತದೆ. ಫಿಟ್‌ನೆಸ್ ಸರ್ಟಿಫಿಕೇಟನ್ನು ವೈದ್ಯರು ರಜೆಯ ಕೊನೆಗೆ ರೋಗಿಯನ್ನು ಮತ್ತೆ ನೋಡಿ, ಅಂದಿನ ದಿನಾಂಕ ಹಾಕಿ ಕೊಡಬೇಕು. ಆಸ್ಪತ್ರೆಗೆ ಸೇರಿದ ದಿನವೇ ಎರಡನ್ನೂ ಬರೆಸಿಕೊಂಡರೆ ಎರಡನೆಯದಕ್ಕೆ ಅರ್ಥವಿಲ್ಲ. ಕೇಂದ್ರ ಸರ್ಕಾರಿ ನೌಕರರಂತೂ ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಪಡೆದಿದ್ದರೆ, ಫಿಟ್‌ನೆಸ್ ಪತ್ರ ಕೊಡದೆ ಕೆಲಸಕ್ಕೆ ಹಾಜರಾಗುವಂತಿಲ್ಲ.

ಮಲಪರೀಕ್ಷೆಯ ಮಾತು ಬಂದದ್ದು ಅವರು ಅಡುಗೆಯವರು ಎಂಬ ಕಾರಣಕ್ಕೆ. ಗುಣವಾದವರಲ್ಲಿ ಕೆಲವರ ಪಿತ್ತಕೋಶದಲ್ಲಿ ರೋಗಾಣು ಉಳಿದು ಮಲದ ಮೂಲಕ ಹೊರಬರುತ್ತಿರುತ್ತದೆ. ಅವರಿಗೆ ಏನೂ ತೊಂದರೆ ಕಾಣುವುದಿಲ್ಲ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ಹೀಗೆ ಹಲವು ಮನೆಗಳಿಗೆ ರೋಗ ಹಬ್ಬಿಸಿದ್ದು 1907ರಲ್ಲಿ ಪತ್ತೆಯಾಯಿತು. ಬೇರೆ ಜೀವನೋಪಾಯ ಕಾಣದೆ ಆಕೆ ಮತ್ತೆ ಅಡುಗೆಗೇ ಹೋದಳು; 1915ರಲ್ಲಿ ಮತ್ತೆ ಹಿಡಿದು ದ್ವೀಪವೊಂದರಲ್ಲಿ ಇರಿಸಿದರು, 1938ರಲ್ಲಿ ಸಾಯುವವರೆಗೂ ಅಲ್ಲೇ ಉಳಿದಳು. ಇಂದು ಅಷ್ಟು ಕ್ರೂರವಾಗಬೇಕಿಲ್ಲ. ಕೋರ್ಸು ಮುಗಿದ ಮೇಲೆ ದಿನ ಬಿಟ್ಟು ಕೆಲವು ಸಲ ಮಲದ ಕಲ್ಚರ್ ಮಾಡಿಸಿ, ರೋಗಾಣು ಇಲ್ಲವೆಂದು ಖಚಿತವಾಗುವವರೆಗೆ ಅಡುಗೆ, ಬಡಿಸುವಿಕೆ ಬಿಟ್ಟು ಬೇರೆ ಕೆಲಸ ಕೊಟ್ಟರೆ ಸಾಕು.

ಕೆಲವು ಕಚೇರಿಗಳು ‘ವೈಡಾಲ್ ನೆಗೆಟಿವ್ ತನ್ನಿ’ ಎನ್ನುತ್ತವೆ. ಇದು ತಪ್ಪು. ವೈಡಾಲ್ ತೋರಿಸುವುದು ರಕ್ತದಲ್ಲಿನ ಪ್ರತಿಕಾಯಗಳನ್ನು, ರೋಗಾಣುವನ್ನಲ್ಲ. ಗುಣವಾದ ಮೇಲೂ ತಿಂಗಳುಗಟ್ಟಲೆ ಅದು ಪಾಸಿಟಿವ್ ಇರಬಹುದು. ಅದಕ್ಕಾಗಿ ನೌಕರನ ಸಂಬಳ ತಡೆಯುವುದು ಅನ್ಯಾಯ.

ಇಎಸ್‌ಐ ಇರುವವರು, ಅರ್ಹತೆಗೆ ಬೇಕಾದಷ್ಟು ದಿನಗಳ ವಂತಿಗೆ ಕಟ್ಟಿದ್ದರೆ, ಕಾಯಿಲೆಯ ದಿನಗಳಿಗೆ ಕೂಲಿಯ ಶೇ. 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಪಡೆಯಬಹುದು. ಅದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಬೇಕು. ಮ್ಯಾನೇಜರಿಗೆ ಕೊಡುವ ಪ್ರತಿಯೊಂದು ಕಾಗದದ ನಕಲನ್ನೂ ತಮ್ಮ ಬಳಿ ಇಟ್ಟುಕೊಳ್ಳಲಿ.