ಭಾನುವಾರದ ನಾಲ್ಕು ಚೌಕ

ಅಕ್ಟೋಬರ್ ಕಳೆದು ನವೆಂಬರ್ ಬರುವ ಹೊತ್ತಿಗೆ ಗುಡೇಕೋಟೆ ಸುತ್ತಿನ ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸ ನಡೆದಿರುತ್ತದೆ. ಅದೇ ಹೊತ್ತಿಗೆ ಶಾಲೆಯಲ್ಲಿ ಕಿರುಪರೀಕ್ಷೆ, ಪ್ರಾಜೆಕ್ಟ್, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಒಟ್ಟಿಗೆ ಬರುತ್ತವೆ. ನವೆಂಬರ್ 11ಕ್ಕೆ ಒನಕೆ ಓಬವ್ವ ಜಯಂತಿ ಬೇರೆ. ಓಬವ್ವನ ತವರು ಎಂದು ಹೇಳುವ ಗುಡೇಕೋಟೆಯಲ್ಲಿ ಆ ದಿನದ ಭಾಷಣವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಹತ್ತನೇ ತರಗತಿ ಓದುವ ಒಬ್ಬ ಹುಡುಗಿಯ ವಾರವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ನವೆಂಬರ್ 3, ಭಾನುವಾರ ಸಂಜೆ ಅವಳು ನೋಟ್‌ಬುಕ್ಕಿನ ಹಾಳೆಯಲ್ಲಿ ಕೆಲಸಗಳನ್ನು ಬರೆಯುತ್ತಾಳೆ: ಬುಧವಾರ ಕೊಡಬೇಕಾದ ವಿಜ್ಞಾನದ ಪ್ರಾಜೆಕ್ಟ್, ಶುಕ್ರವಾರದ ಗಣಿತ ಪರೀಕ್ಷೆ, ಆದಾಯ ಪ್ರಮಾಣಪತ್ರ, ಓಬವ್ವನ ಕುರಿತ ಭಾಷಣ, ಅವ್ವನ ಜೊತೆ ಶೇಂಗಾ ಬಿಡಿಸುವುದು, ಗೆಳತಿ ಕೇಳಿದ ನೋಟ್ಸಿನ ಫೋಟೊ, ಕಪ್ಪುಹಲಗೆ ಮಂಜಾಗಿ ಕಾಣುವ ಕಣ್ಣಿನ ತಪಾಸಣೆ, ಇಂಗ್ಲಿಷ್ ವ್ಯಾಕರಣ, ವಾಟ್ಸ್ಯಾಪ್ ಗುಂಪು, ರೀಲ್ಸ್. ಮೊದಲು ಎಲ್ಲವನ್ನೂ ಬರೆಯಬೇಕು, ವಿಂಗಡಣೆ ಆಮೇಲೆ. ಬರೆಯುತ್ತಲೇ ವಿಂಗಡಿಸಲು ಹೋದರೆ ಕಣ್ಣಿನ ತಪಾಸಣೆಯಂಥ ಸದ್ದಿಲ್ಲದ ಕೆಲಸಗಳು ಹಾಳೆಗೆ ಬರುವುದೇ ಇಲ್ಲ.

ನಂತರ ಹಾಳೆಯ ನಡುವೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದರೆ ನಾಲ್ಕು ಚೌಕ. ಮೊದಲನೆಯದು ತುರ್ತೂ ಹೌದು, ಮುಖ್ಯವೂ ಹೌದು ಎನ್ನುವ ಕೆಲಸಗಳಿಗೆ. ಎರಡನೆಯದು ಮುಖ್ಯ, ಆದರೆ ತುರ್ತಿಲ್ಲ. ಮೂರನೆಯದು ತುರ್ತು, ಆದರೆ ಮುಖ್ಯವಲ್ಲ. ನಾಲ್ಕನೆಯದು ಎರಡೂ ಅಲ್ಲ.

ಈ ವಿಂಗಡಣೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರ ಹೆಸರು ಅಂಟಿಕೊಂಡಿದೆ. 1954ರಲ್ಲಿ ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿ ಮಾತಾಡುತ್ತ ಅವರು, ಹಿಂದೊಮ್ಮೆ ಕಾಲೇಜೊಂದರ ಮುಖ್ಯಸ್ಥರಾಗಿದ್ದವರು ತುರ್ತಿನ ಸಮಸ್ಯೆಗಳನ್ನೂ ಮುಖ್ಯ ಸಮಸ್ಯೆಗಳನ್ನೂ ಬೇರೆ ಮಾಡಿ ಹೇಳಿದ್ದ ಮಾತನ್ನು ನೆನೆದಿದ್ದರು. ನಾಲ್ಕು ಚೌಕಗಳ ಚಿತ್ರವನ್ನು ಮನೆಮಾತಾಗಿಸಿದ್ದು 1989ರಲ್ಲಿ ಬಂದ ಸ್ಟೀಫನ್ ಕೋವಿಯವರ ಪುಸ್ತಕ.

ಚೌಕ ಎಳೆಯುವುದು ಸುಲಭ, ಕೆಲಸವನ್ನು ಸರಿಯಾದ ಚೌಕದಲ್ಲಿ ಇಡುವುದು ಕಷ್ಟ. ಮೆಂಗ್ ಝು ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಅದರ ಕಾರಣ ಸಿಗುತ್ತದೆ. ಎರಡು ಕೆಲಸಗಳಲ್ಲಿ ಒಂದಕ್ಕೆ ಪ್ರತಿಫಲ ಕಡಿಮೆ, ಆದರೆ ಗಡುವು ಹತ್ತಿರ ಎಂದು ತೋರಿಸಿದಾಗ, ಯಾವುದನ್ನೇ ಆರಿಸಿದರೂ ಮುಗಿಸಲು ಸಾಕಷ್ಟು ಸಮಯವಿದ್ದರೂ ಹಲವರು ಕಡಿಮೆ ಪ್ರತಿಫಲದ್ದನ್ನೇ ಆರಿಸಿದರು. ಆರಿಸುವ ಹೊತ್ತಿನಲ್ಲಿ ಪ್ರತಿಫಲವನ್ನು ನೆನಪಿಸಿದರೆ ಈ ಸೆಳೆತ ತಗ್ಗಿತು. ಆದ್ದರಿಂದ ಹುಡುಗಿ ತುರ್ತನ್ನು ಆಮೇಲೆ ನೋಡಿ, ಮೊದಲು ಮುಖ್ಯವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಇದನ್ನು ಬಿಟ್ಟರೆ ಒಂದು ತಿಂಗಳ ನಂತರ ಏನು ಕಳೆದುಹೋಗಿರುತ್ತದೆ? ನೋಟ್ಸಿನ ಫೋಟೊಗೆ ಉತ್ತರ: ಏನೂ ಇಲ್ಲ. ಕಣ್ಣಿನ ತಪಾಸಣೆಗೆ: ಇನ್ನೂ ಒಂದು ತಿಂಗಳು ಹಲಗೆಯ ಲೆಕ್ಕ ಕಾಣದೆ ಹೋಗಿರುತ್ತದೆ.

ತುರ್ತನ್ನು ಅಳೆಯುವಾಗ ಹೆಚ್ಚಿನವರು ಎಡವುವುದು ಕೊನೆಯ ದಿನಾಂಕವನ್ನಷ್ಟೇ ನೋಡುವುದರಿಂದ. ಆದಾಯ ಪ್ರಮಾಣಪತ್ರವನ್ನೇ ನೋಡಿ. ವಿದ್ಯಾರ್ಥಿವೇತನದ ಅರ್ಜಿಗೆ ನವೆಂಬರ್ 25 ಕೊನೆಯ ದಿನ ಎಂದು ಇಟ್ಟುಕೊಂಡರೆ, ಇನ್ನೂ 22 ದಿನ ಇವೆಯಲ್ಲ ಎಂದು ಅದು ಎರಡನೆಯ ಚೌಕಕ್ಕೆ ಹೋಗುತ್ತದೆ. ಆದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ತುಂಬಲು ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಬೇಕು. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ; ಐದನೇ ತರಗತಿಯಲ್ಲಿ ಮಾಡಿಸಿದ್ದು ಈಗ ಮುಗಿದಿರಬಹುದು. ಹೊಸದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ಪರಿಶೀಲನೆ ಆಗಬೇಕು. ಅದಕ್ಕೆ 15 ದಿನ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ನೋಡಿಕೊಳ್ಳಲು 3 ದಿನ, ಅರ್ಜಿ ತುಂಬಲು, ಸರ್ವರ್ ಕೈಕೊಟ್ಟರೆ ಕಾಯಲು 3 ದಿನ ಎಂದು ಹಿಡಿದರೆ ಒಟ್ಟು 21. ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿದರೆ ಅವಳು ಶುರು ಮಾಡಬೇಕಾದ ದಿನ ನವೆಂಬರ್ 4, ಅಂದರೆ ನಾಳೆಯೇ. ಪ್ರಮಾಣಪತ್ರ ಮೊದಲ ಚೌಕಕ್ಕೆ ಸೇರಿದ್ದು, ಶುಕ್ರವಾರದ ಪರೀಕ್ಷೆಗಿಂತಲೂ ಮೊದಲಿನದು.

ಪ್ರಾಜೆಕ್ಟ್ ಕತೆ ಬೇರೆ. ಅದನ್ನು ಇಡಿಯಾಗಿ ಯಾವ ಚೌಕದಲ್ಲಿಟ್ಟರೂ ತಪ್ಪೇ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಹಾಗಾಗಿ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು ಮುಗಿಸುವುದು ಮೊದಲ ಚೌಕದ ಕೆಲಸ. ಪುಟದ ಅಂಚಿಗೆ ಬಣ್ಣದ ಗೆರೆ ಹಾಕುವುದು, ರಟ್ಟಿಗೆ ಮಿಂಚಿನ ಕಾಗದ ಅಂಟಿಸುವುದು ನಾಲ್ಕನೆಯದು. ಒಂದು ಸಂಜೆಯನ್ನೆಲ್ಲ ನುಂಗುವುದು ಹೆಚ್ಚಾಗಿ ಈ ಎರಡನೆಯ ಭಾಗ. ಭಾಷಣವನ್ನೂ ಹೀಗೆಯೇ ಒಡೆಯಬೇಕು. ವಿಷಯ ಓದಿ ಬರೆಯುವುದು, ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡುವುದು ಎರಡನೆಯ ಚೌಕಕ್ಕೆ; ಆ ದಿನ ಉಡುವ ಸೀರೆಯ ಹುಡುಕಾಟ ಮೂರನೆಯದಕ್ಕೆ.

ಶೇಂಗಾ ಎಲ್ಲಿ? ಪಟ್ಟಣದ ಪುಸ್ತಕಗಳು ಮನೆಗೆಲಸವನ್ನು ಓದಿಗೆ ಅಡ್ಡಿ ಎಂದು ಮೂರನೆಯ ಚೌಕಕ್ಕೆ ತಳ್ಳಿಬಿಡುತ್ತವೆ. ಅದು ಸರಿಯಲ್ಲ. ಕಿತ್ತು ಹಾಕಿದ ಬಳ್ಳಿ ಮಳೆಗೆ ನೆನೆದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಕೆಲವು ಮೊಳಕೆಯೊಡೆಯುತ್ತವೆ. ಮನೆಯ ವರ್ಷದ ದುಡಿಮೆಯೇ ಅಲ್ಲಿದೆ. ಮೋಡ ಕಟ್ಟಿದ ದಿನ ಅದು ಮೊದಲ ಚೌಕದ್ದೇ. ಬಿಸಿಲಿದ್ದು ಬಳ್ಳಿ ಮನೆಯಂಗಳಕ್ಕೆ ಬಂದ ಮೇಲೆ ಕಾಯಿ ಬಿಡಿಸುವುದನ್ನು ಎರಡು ದಿನ ಹಂಚಿಕೊಳ್ಳಬಹುದು. ಒಂದೇ ಕೆಲಸದ ಚೌಕ ವಾರದ ನಡುವೆ ಬದಲಾಗಬಹುದಾದ್ದರಿಂದ ಹಾಳೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ಲೇಸು.

ಮೂರನೆಯ ಚೌಕದ ಕೆಲಸವನ್ನು ಬೇರೆಯವರಿಗೆ ವಹಿಸಿ ಎನ್ನುತ್ತದೆ ರೂಢಿಯ ಸೂತ್ರ. ಕೈಕೆಳಗೆ ನೌಕರರಿರುವ ಅಧಿಕಾರಿಗೆ ಅದು ಸರಿ. ಹದಿನೈದರ ಹುಡುಗಿ ಯಾರಿಗೆ ವಹಿಸಬೇಕು? ಅವಳ ಕೈಯಲ್ಲಿರುವುದು ಆ ಕೆಲಸಗಳನ್ನು ಗುಡ್ಡೆ ಹಾಕುವುದು. ಗೆಳತಿಯ ಫೋಟೊ, ಗುಂಪಿನ ಪ್ರಶ್ನೆಗಳು, ಸೀರೆಯ ವಿಚಾರಣೆ ಎಲ್ಲವನ್ನೂ ರಾತ್ರಿ ಊಟದ ನಂತರದ ಹದಿನೈದು ನಿಮಿಷಕ್ಕೆ ಸೇರಿಸಿಬಿಟ್ಟರೆ ಹಗಲು ಉಳಿಯುತ್ತದೆ.

ಎರಡನೆಯ ಚೌಕಕ್ಕೆ ಮಾತ್ರ ವಾರ ಮತ್ತು ಗಂಟೆ ಬರೆಯದಿದ್ದರೆ ಅಲ್ಲಿನದು ಆಗುವುದೇ ಇಲ್ಲ. ಇಂಗ್ಲಿಷ್ ವ್ಯಾಕರಣಕ್ಕೆ ಮಂಗಳವಾರ, ಗುರುವಾರ ಬೆಳಿಗ್ಗೆ ಆರಕ್ಕೆ ನಲವತ್ತು ನಿಮಿಷ. ಕಣ್ಣಿಗೆ ಶನಿವಾರ ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ಕೂಡ್ಲಿಗಿಗೆ.

ವಿಂಗಡಣೆ ಕೆಟ್ಟಿದ್ದು ಹಾಳೆಯಲ್ಲೇ ಕಾಣುತ್ತದೆ. ಮೊದಲ ಚೌಕದಲ್ಲಿ ಏಳೆಂಟು ಕೆಲಸ ತುಂಬಿದ್ದರೆ ಗದ್ದಲವನ್ನೇ ಮುಖ್ಯವೆಂದು ಬಗೆದಿರಬಹುದು, ಇಲ್ಲವೇ ಹೋದ ತಿಂಗಳ ಎರಡನೆಯ ಚೌಕದ ಕೆಲಸಗಳು ಬಾಕಿ ಉಳಿದು ಈಗ ಕುತ್ತಿಗೆಗೆ ಬಂದಿರಬಹುದು. ಅವಳ ಗಣಿತ ಪರೀಕ್ಷೆ ಈ ಎರಡನೆಯ ಬಗೆಯದು: ವರ್ಗ ಸಮೀಕರಣದ ಲೆಕ್ಕಗಳನ್ನು ದಿನಕ್ಕೆರಡರಂತೆ ಮಾಡಿದ್ದರೆ ಶುಕ್ರವಾರಕ್ಕೆ ಪುನರಾವರ್ತನೆಯಷ್ಟೇ ಉಳಿಯುತ್ತಿತ್ತು. ಒಂದೇ ಕೆಲಸ ಮೂರು ಭಾನುವಾರ ಒಂದೇ ಚೌಕದಲ್ಲಿ ಕುಳಿತಿದ್ದರೆ ಅದು ತೀರ ದೊಡ್ಡದಾಗಿ ಬರೆದ ಕೆಲಸ. ‘ಗಣಿತ ಓದುವುದು’ ಎಂದಿದ್ದಲ್ಲಿ ‘ಸೂತ್ರ ಬಳಸಿ ಐದು ಲೆಕ್ಕ’ ಎಂದು ಬರೆದರೆ ಕೈ ಹತ್ತುತ್ತದೆ.

ಮುಂದಿನ ಭಾನುವಾರ ಹೊಸ ಹಾಳೆ. ಸೋಮವಾರ ನಾಡಕಚೇರಿಗೆ ಅರ್ಜಿ ಹೋಗಿದ್ದರೆ ಪ್ರಮಾಣಪತ್ರ ಎರಡನೆಯ ಚೌಕಕ್ಕೆ ಇಳಿಯುತ್ತದೆ. ಅದರ ಪಕ್ಕದಲ್ಲಿ ಅರ್ಜಿ ಸಂಖ್ಯೆ, ಎಲ್ಲಿಗೆ ಬಂತೆಂದು ವಿಚಾರಿಸುವ ದಿನ ಗುರುವಾರ, ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಕೇಳುವ ದಿನ ಶುಕ್ರವಾರ ಎಂದು ಬರೆದುಕೊಳ್ಳಬೇಕು.