ಸೀಮಂತಕ್ಕೆ ವಿಮಾನ ಹತ್ತುವ ಮುನ್ನ

ಲಂಡನ್ನಿನಲ್ಲಿ ಕೆಲಸ ಮಾಡುವ ಕನ್ನಡತಿಯೊಬ್ಬಳು ಸೀಮಂತಕ್ಕೆಂದು ಮೈಸೂರಿನ ತವರಿಗೆ ಹೊರಟಿದ್ದಾಳೆ ಎನ್ನಿ. ಹೊರಡುವಾಗ 27 ವಾರ. ಮೂರು ವಾರ ಇದ್ದು ಮರಳುವಷ್ಟರಲ್ಲಿ 30. ಎಡವಟ್ಟಾಗುವುದು ಈ ಲೆಕ್ಕದಲ್ಲೇ. 28 ವಾರ ದಾಟಿದ ಬಸುರಿಯರಿಂದ ಹೆಚ್ಚಿನ ವಿಮಾನ ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ. ಹೆರಿಗೆಯ ಅಂದಾಜು ದಿನ, ಮಗು ಒಂದೋ ಅವಳಿಯೋ, ತೊಂದರೆ ಏನೂ ಇಲ್ಲ ಎಂಬುದು ಅದರಲ್ಲಿರಬೇಕು. ಬರುವಾಗ ಯಾರೂ ಕೇಳದ ಪತ್ರಕ್ಕಾಗಿ ಹಿಂತಿರುಗುವಾಗ ಕೌಂಟರಿನಲ್ಲಿ ಪರದಾಡುವವರಿದ್ದಾರೆ. ಕೆಲವು ಕಂಪನಿಗಳಿಗೆ ಹಳೆಯ ಪತ್ರವೂ ನಡೆಯದು. ಹಾಗಾಗಿ ಟಿಕೆಟ್ ಕೊಳ್ಳುವಾಗಲೇ ನಿಯಮ ಓದಿಕೊಂಡು, ಮರುಪ್ರಯಾಣದ ಪತ್ರವನ್ನು ಮೈಸೂರಿನ ವೈದ್ಯರಿಂದಲೇ ಪಡೆಯುವುದು ಲೇಸು.

ಆರೋಗ್ಯವಾಗಿರುವ ಗರ್ಭಿಣಿಗೆ ವಿಮಾನದ ಹಾರಾಟ ತಾನಾಗಿ ಅಪಾಯವಲ್ಲ. ಒಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ, ನಿಜ. ಆದರೆ ಮಗುವಿನ ರಕ್ತ ಆಮ್ಲಜನಕವನ್ನು ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಚಿಂತೆ ಮಾಡಬೇಕಾದದ್ದು ಕಾಲಿನ ಬಗ್ಗೆ. ಬಸಿರಿನಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ಹೊಟ್ಟೆಯ ಭಾರಕ್ಕೆ ಕಾಲಿನಿಂದ ಮೇಲೇರುವ ರಕ್ತದ ಓಟವೂ ನಿಧಾನವಾಗುತ್ತದೆ. ಅದರಲ್ಲೂ ಎಡಗಾಲಿನ ರಕ್ತನಾಳವನ್ನು ಸೊಂಟದ ಬಳಿ ಒಂದು ಅಪಧಮನಿ ಅಡ್ಡಹಾಯ್ದು ಒತ್ತುವುದರಿಂದ ಗರ್ಭಿಣಿಯರಲ್ಲಿ ಹೆಪ್ಪು ಹೆಚ್ಚಾಗಿ ಎಡಗಾಲಿನಲ್ಲೇ ಕಾಣಿಸುತ್ತದೆ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕದಲದೆ ಕೂತರೆ ಈ ಅಪಾಯ ಸ್ವಲ್ಪ ಏರುತ್ತದೆ. ನಡುದಾರಿಯ ಪಕ್ಕದ ಸೀಟು, ಆಗಾಗ ಎದ್ದು ನಾಲ್ಕು ಹೆಜ್ಜೆ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು, ಬೇಕಾದಷ್ಟು ನೀರು, ಅಳತೆಗೆ ಸರಿಹೊಂದುವ ಬಿಗಿ ಕಾಲುಚೀಲ: ಇವಿಷ್ಟು ಸಾಕು. ಸೀಟ್ ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಕೆಳಗೆ ತೊಡೆಸಂದಿಗೆ ಕಟ್ಟಬೇಕು.

ತವರಿಗೆ ಬಂದ ಮೇಲೆ "ಕೂತ್ಕೋ ಮಗಳೇ, ಓಡಾಡಬೇಡ" ಎನ್ನುವ ಅಜ್ಜಿಯರೇ ಜಾಸ್ತಿ. ವೈದ್ಯರು ಹೇಳುವುದು ಬೇರೆ: ವಾರಕ್ಕೆ ಸುಮಾರು 150 ನಿಮಿಷ ನಡಿಗೆಯಂಥ ಹದವಾದ ವ್ಯಾಯಾಮ ಬೇಕು. ನಡೆಯುತ್ತಲೇ ಮಾತಾಡಲು ಆಗುತ್ತಿದ್ದರೆ ಹದ ಸರಿ, ಏದುಸಿರು ಬಂದರೆ ಹೆಚ್ಚಾಯಿತು. ಈ ತಿಂಗಳಲ್ಲಿ ಬೆನ್ನ ಮೇಲೆ ತುಂಬಾ ಹೊತ್ತು ಮಲಗಿ ಮಾಡುವ ಆಸನ ಬೇಡ, ಬಿದ್ದು ಪೆಟ್ಟಾಗುವಂಥ ಆಟವೂ ಬೇಡ.

ರಕ್ತಸ್ರಾವ, ಗರ್ಭದ್ವಾರವನ್ನು ಮುಚ್ಚಿಕೊಂಡ ಮಾಸು, ಏರಿದ ರಕ್ತದೊತ್ತಡ, ಅವಧಿಗೆ ಮುಂಚಿನ ನೋವು, ತೀವ್ರ ರಕ್ತಹೀನತೆ ಇದ್ದವರಿಗೆ ಮೇಲಿನ ಮಾತು ಅನ್ವಯಿಸದು. ಅವರು ವೈದ್ಯರು ಒಪ್ಪದೆ ವ್ಯಾಯಾಮಕ್ಕೂ ಇಳಿಯಬಾರದು, ವಿಮಾನವನ್ನೂ ಹತ್ತಬಾರದು. ತೊಂದರೆಯಿಲ್ಲದ ಒಂಟಿ ಗರ್ಭಕ್ಕೆ ಸಾಮಾನ್ಯವಾಗಿ 36 ವಾರ, ಅವಳಿಗೆ 32 ವಾರ ಹಾರಾಟದ ಗಡಿ. ಕಂಪನಿಯ ಗಡಿ ಇನ್ನೂ ಮೊದಲೇ ಇರಬಹುದು.

ಬಸಿರಿನಲ್ಲಿ ಎರಡೂ ಪಾದ ಊದುವುದು ಮಾಮೂಲಿ. ಆದರೆ ಒಂದೇ ಕಾಲು ಊದಿಕೊಂಡು ಮೀನಖಂಡ ನೋಯತೊಡಗಿದರೆ ಅದನ್ನು ತಿಕ್ಕಬಾರದು, ಅಂದೇ ವೈದ್ಯರಿಗೆ ತೋರಿಸಬೇಕು. ಎದೆನೋವು, ಇದ್ದಕ್ಕಿದ್ದಂತೆ ಉಸಿರುಕಟ್ಟುವುದು ಕಂಡರೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ. ಪ್ರಯಾಣ ಮುಗಿದು ವಾರಗಳಾಗಿದ್ದರೂ ಇದು ಕಾಣಿಸಿಕೊಳ್ಳಬಹುದಾದ್ದರಿಂದ, ವಿಮಾನದಲ್ಲಿ ಬಂದದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು.